ಬಾಲ ಕಾಣೋ ಹಾಗೆ ಒಂದು ಫೋಟೋ ತೆಗೀರಿ

ಮಳೆ ಶುರುವಾದ್ರೆ ಸಾಕು, ನನ್ನ ಫೋನ್ ತುಂಬ ಹುಳದ ಫೋಟೋನೇ. ಬಯಾಲಜಿ ಓದಿದೋನು ಅನ್ನೋ ಒಂದೇ ತಪ್ಪಿಗೆ ನೆಂಟರು, ಪಕ್ಕದ ಮನೆಯೋರು, ಅವರ ಆಫೀಸಿನೋರು ಎಲ್ಲ ಬಾತ್‌ರೂಮ್ ಮೂಲೇಲಿ ಸಿಕ್ಕಿದ್ದನ್ನ ಕಳಿಸ್ತಾರೆ, ಕೆಳಗೆ ಒಂದೇ ಪ್ರಶ್ನೆ, "ಇದು ಡೇಂಜರಾ?" ಅರ್ಧ ಫೋಟೋದಲ್ಲಿ ಹುಳಕ್ಕಿಂತ ಪೊರಕೇನೇ ಚೆನ್ನಾಗಿ ಕಾಣ್ತಿರುತ್ತೆ.

ಹೋದ ವಾರ ಬನಶಂಕರಿಯ ಅತ್ತೆ ಕಳಿಸಿದ್ದು ವಾಷಿಂಗ್ ಮೆಷಿನ್ ಹಿಂದೆ ಸಿಕ್ಕಿದ್ದು. "ಜರಿ ಬಂದಿದೆ ಕಣೋ, ಮಗು ಇರೋ ಮನೆ" ಅಂತ ಗಾಬರಿ. ಕಂದು ಬಣ್ಣ, ಕಾಲೋ ಕಾಲು, ನೋಡಿದ ತಕ್ಷಣ ಯಾರಿಗಾದ್ರೂ ಜರಿ ಅಂತಾನೇ ಅನ್ಸುತ್ತೆ. ಆದ್ರೆ ಕಾಲು ಎಷ್ಟಿದೆ ಅಂತ ಎಣಿಸೋಕೆ ಹೋಗ್ಬೇಡಿ, ನೂರು ಸಾವಿರ ಅನ್ನೋದೆಲ್ಲ ಹೆಸರಿಗಷ್ಟೇ. ಫೋಟೋನ ಜೂಮ್ ಮಾಡಿ ಮೈ ನಡುವಿನ ಒಂದೇ ಒಂದು ಗೆಣ್ಣು ನೋಡಿ. ಆ ಗೆಣ್ಣಿಂದ ಒಂದು ಜೊತೆ ಕಾಲು ಹೊರಟಿದ್ರೆ ಶತಪದಿ, ಅಂದ್ರೆ ಜರಿ. ಎರಡು ಜೊತೆ ಹೊರಟಿದ್ರೆ ಸಹಸ್ರಪದಿ. ಜರಿ ಕಾಲು ಪಕ್ಕಕ್ಕೆ ಚಾಚ್ಕೊಂಡಿರುತ್ತೆ, ಮೈ ಚಪ್ಪಟೆ, ಲೈಟ್ ಹಾಕಿದ್ರೆ ಪರಾರಿ. ಸಹಸ್ರಪದಿ ಪೆನ್ಸಿಲ್ ಥರ ದುಂಡಗೆ, ಕಾಲೆಲ್ಲ ಹೊಟ್ಟೆ ಕೆಳಗೆ, ನಿಧಾನಕ್ಕೆ ಹೋಗುತ್ತೆ, ಮುಟ್ಟಿದ್ರೆ ಚಕ್ಕುಲಿ ಥರ ಸುತ್ಕೊಂಡುಬಿಡುತ್ತೆ. ಒಂದು ಕಷ್ಟ ಏನಂದ್ರೆ ಸಹಸ್ರಪದಿಗಳಲ್ಲೂ ಚಪ್ಪಟೆ ಬೆನ್ನಿನವು ಇವೆ, ಅವು ಮೇಲಿಂದ ತೆಗೆದ ಫೋಟೋದಲ್ಲಿ ಥೇಟ್ ಜರಿನೇ, ಅಲ್ಲಿ ಮೈ ಆಕಾರ ನಂಬೋ ಹಾಗಿಲ್ಲ, ಗೆಣ್ಣಿನ ಕಾಲೇ ನೋಡ್ಬೇಕು.

ಅತ್ತೆ ಫೋಟೋದಲ್ಲಿ ಇದ್ದಿದ್ದು ಸಹಸ್ರಪದಿ. ಅದು ಕಚ್ಚಲ್ಲ, ವಿಷದ ಹಲ್ಲೂ ಇಲ್ಲ ಕೊಂಡಿಯೂ ಇಲ್ಲ. ಅದರ ರಕ್ಷಣೆಗೆ ಇರೋದು ಮೈ ಪಕ್ಕದಿಂದ ಸೋರಿಸೋ ಒಂದು ರಸ, ಬಹಳಷ್ಟು ಜಾತಿಗಳಲ್ಲಿ ಬೆಂಜೋಕ್ವಿನೋನ್ ಅನ್ನೋ ಕೆಮಿಕಲ್ಲು, ಬೆರಳಿಗೆ ತಾಗಿದ್ರೆ ಕಂದು ಕಲೆ ಬಿದ್ದು ಕೆಲವು ದಿನ ಹಾಗೇ ಇರುತ್ತೆ. ಕೈ ತೊಳ್ಕೊಳ್ಳದೆ ಕಣ್ಣು ಉಜ್ಜಿದ್ರೆ ಮಾತ್ರ ಚೆನ್ನಾಗಿ ಉರಿಯುತ್ತೆ, ಮಕ್ಕಳ ಕೈಲಿ ಆಗೋದು ಇದೇ, ತುಂಬ ನೀರಲ್ಲಿ ಕಣ್ಣು ತೊಳೆದು ಡಾಕ್ಟರಿಗೆ ತೋರಿಸಿ. ನಿಜವಾದ ಜರಿ ಆಗಿದ್ರೆ ಲೆಕ್ಕ ಬೇರೆ, ಅದರ ತಲೆ ಕೆಳಗೆ ಮೊದಲ ಜೊತೆ ಕಾಲುಗಳೇ ವಿಷ ಚುಚ್ಚೋ ಕೊಕ್ಕೆಗಳಾಗಿವೆ, ದೊಡ್ಡದು ಕಚ್ಚಿದ್ರೆ ಬೆಂಕಿ ಇಟ್ಟ ಹಾಗೆ ಉರಿ, ಊತ, ಆದ್ರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಸೋಪಲ್ಲಿ ತೊಳೆದು ಐಸ್ ಒತ್ತಿ, ಉಸಿರಾಟಕ್ಕೆ ತೊಂದ್ರೆ ಆದ್ರೆ, ಮುಖ ಊದಿದ್ರೆ ಅದು ಅಲರ್ಜಿ, ಆಸ್ಪತ್ರೆಗೆ ಓಡಿ. ಅಂದಹಾಗೆ ಕೆಲವರು ಜರಿಗೆ ಲಕ್ಷ್ಮಿ ಚೇಳು ಅಂತಾರೆ, ಹೆಸರಲ್ಲಿ ಚೇಳು ಇದೆ ಅಷ್ಟೇ, ಚೇಳಿಗೂ ಅದಕ್ಕೂ ನೆಂಟಸ್ತನ ದೂರದ್ದು.

ನನಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ಇನ್ನೊಬ್ಬ ಸ್ನೇಹಿತ ಕಳಿಸಿದ ಫೋಟೋಗಳಿಗೆ. ತಾವರೆಕೆರೆ ಕಡೆ ಮನೆ ಕಟ್ಟಿಸ್ತಿದಾನೆ, ಇಟ್ಟಿಗೆ ರಾಶಿ ಸರಿಸುವಾಗ ಎರಡು ಚೇಳು ಸಿಕ್ಕಿದ್ವು. ಮೊದಲ್ನೇದು ಕರ್ರಗೆ, ಅಂಗೈ ಅಗಲ, ದಪ್ಪ ದಪ್ಪ ಇಕ್ಕಳ, ನೋಡಿದ್ರೆ ಎದೆ ಧಸಕ್ ಅನ್ನೋ ಥರದ್ದು. ಅದನ್ನ ನಾಲ್ಕು ಜನ ಸೇರಿ ಹೊಡೆದು ಹಾಕಿದ್ರು. ಎರಡನೇ ಫೋಟೋ ಕೆಳಗೆ "ಇದು ಅದರ ಮರಿ ಇರ್ಬೇಕು ಮಗಾ, ಪಾಪ ಬಿಟ್ಟುಬಿಟ್ವಿ" ಅಂತ ಬರೆದಿದ್ದ. ಮರಿ ಅಂದಿದ್ದು ಕೆಂಪು ಮಿಶ್ರಿತ ಕಂದು, ಪಕ್ಕದಲ್ಲಿದ್ದ ಪೆನ್ನಿನ ಅರ್ಧದಷ್ಟು ಉದ್ದ, ಇಕ್ಕಳ ಸಣ್ಣಗೆ ಕಡ್ಡಿ ಥರ, ಬಾಲ ಮಾತ್ರ ಇಕ್ಕಳಕ್ಕಿಂತ ಎಷ್ಟೋ ದಪ್ಪ.

ಪೂರ್ತಿ ಉಲ್ಟಾ ಮಾಡಿದ್ರು. ದೊಡ್ಡ ಇಕ್ಕಳದ ಚೇಳು ಬೇಟೆನ ಹಿಚುಕಿ ಕೊಲ್ಲುತ್ತೆ, ಅದಕ್ಕೆ ಜೋರು ವಿಷದ ಅವಶ್ಯಕತೆ ಕಮ್ಮಿ, ಆ ಕರಿ ಚೇಳು ಕುಟುಕಿದ್ರೆ ನೋವು ಊತ ಖಂಡಿತ ಇದೆ, ಆದ್ರೆ ಸಾಮಾನ್ಯವಾಗಿ ಜೀವ ತೆಗೆಯಲ್ಲ. ಕಡ್ಡಿ ಇಕ್ಕಳದ್ದು ಹಿಚುಕೋಕೆ ಆಗಲ್ಲ, ವಿಷನೇ ನಂಬ್ಕೊಂಡಿದೆ. ನಮ್ಮ ಕಡೆ ಜೀವ ತೆಗೆಯೋ ಚೇಳು ಇಂಥದ್ದೇ, ಕೆಂಪು ಚೇಳು, ಹೊಟ್ಟೆಂಟೊಟ್ಟಾ ಟಾಮ್ಯುಲಸ್, ಪೂರ್ತಿ ಬೆಳೆದ್ರೂ ಬಾಲ ಸೇರಿ 5ರಿಂದ 9 ಸೆಂಟಿಮೀಟರ್ ಅಷ್ಟೇ. ಸೈಟಿನ ಇಟ್ಟಿಗೆ, ಕಲ್ಲು, ಸೌದೆ ರಾಶಿ, ಬಿಚ್ಚಿಟ್ಟ ಶೂ, ಇವೆಲ್ಲ ಇದಕ್ಕೆ ಮನೆ. ಕಡ್ಡಿ ಇಕ್ಕಳದ ಎಲ್ಲ ಚೇಳೂ ಅಷ್ಟು ಕೆಟ್ಟದ್ದಲ್ಲ, ಆದ್ರೆ ಫೋನ್ ಫೋಟೋ ನೋಡಿ ಅದು ಇಂಥದ್ದೇ ಜಾತಿ ಅಂತ ಆಣೆ ಇಟ್ಟು ಹೇಳೋಕೆ ನನಗೆ ಆಗಲ್ಲ, ಹಾಗಾಗಿ ಸಣ್ಣ ಇಕ್ಕಳ ದಪ್ಪ ಬಾಲ ಕಂಡ್ರೆ ಕೆಂಪು ಚೇಳು ಅಂತಾನೇ ಲೆಕ್ಕ.

ಇದರ ವಿಷ ನರಗಳನ್ನ ಕೆರಳಿಸಿ ಅಡ್ರಿನಲಿನ್ ಥರದ ರಾಸಾಯನಿಕಗಳನ್ನ ಒಂದೇ ಸಲ ರಕ್ತಕ್ಕೆ ಸುರಿಸುತ್ತೆ. ರಕ್ತನಾಳ ಬಿಗಿಯುತ್ತೆ, ಹೃದಯ ಆ ಒತ್ತಡದ ವಿರುದ್ಧ ಒದ್ದಾಡಿ ಸೋಲುತ್ತೆ, ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಹೊರಗೆ ಕಾಣೋ ಗುರುತು ವಾಂತಿ, ಮೈ ತೊಯ್ದುಹೋಗೋ ಬೆವರು, ಕೈಕಾಲು ತಣ್ಣಗಾಗೋದು, ಆಮೇಲೆ ಕೆಮ್ಮು ಏದುಸಿರು. ಮೋಸ ಏನಂದ್ರೆ ಕೆಲವರಿಗೆ ಕುಟುಕಿದ ಜಾಗದಲ್ಲಿ ನೋವು ಅಷ್ಟೇನೂ ಇರಲ್ಲ, ಅದನ್ನ ನೋಡಿ "ಏನೂ ಆಗಿಲ್ಲ ಬಿಡು" ಅಂತ ಕೂತ್ಕೊಳ್ತಾರೆ. ಮಹಾರಾಷ್ಟ್ರದ ಮಹಾಡ್ ಅನ್ನೋ ಊರಲ್ಲಿ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಜೋಸಿನ್ ಅನ್ನೋ ಬಿಪಿ ಮಾತ್ರೆ ಕೊಟ್ಟು ನೋಡಿದ್ರು, ಬಿಗಿದ ರಕ್ತನಾಳನ ಸಡಿಲ ಮಾಡೋ ಮಾತ್ರೆ ಅದು. ಗಂಭೀರ ಕೇಸುಗಳಲ್ಲಿ ಅದಕ್ಕೆ ಮುಂಚೆ 100ಕ್ಕೆ 30ರ ಆಸುಪಾಸು ಇದ್ದ ಸಾವು ತೀರಾ ಕಮ್ಮಿ ಆಯ್ತು. ಈಗ ಅದರ ಜೊತೆ ಚೇಳಿನ ಆಂಟಿವೆನಮ್ ಕೂಡ ಕೊಡ್ತಾರೆ. ಮಾತ್ರೆ ಸಿಗುತ್ತೆ ಅಂತ ಮನೇಲೇ ನುಂಗಿಸ್ಬೇಡಿ, ಬಿಪಿ ದಢಾರ್ ಅಂತ ಇಳಿಯಬಹುದು, ಅದು ಡಾಕ್ಟರ್ ಎದುರಿಗೇ ಆಗ್ಬೇಕು. ಕಟ್ಟು ಹಾಕೋದು, ಕೊಯ್ಯೋದು, ಮಂತ್ರಕ್ಕೆ ಅಂತ ಅಲ್ಲಿ ಇಲ್ಲಿ ಸುತ್ತೋದು, ಎಲ್ಲ ಟೈಮ್ ವೇಸ್ಟು. ಮಕ್ಕಳಿಗೆ ಕುಟುಕಿದ್ರೆ ಚೇಳು ಯಾವುದು ಅಂತ ನನ್ನ ಕೇಳ್ತಾ ಕೂರ್ಬೇಡಿ, ಗಾಡಿ ತೆಗೀರಿ.

ಚೇಳಿನ ವೇಷ ಹಾಕಿರೋವೂ ಇವೆ. ಹಳೇ ಪುಸ್ತಕ ತೆಗೆದಾಗ ಎಳ್ಳಿನಷ್ಟು ಸೈಜಿನ, ಇಕ್ಕಳ ಇರೋ, ಬಾಲನೇ ಇಲ್ಲದ ಹುಳ ಓಡುತ್ತಲ್ಲ, ಅದು ಹುಸಿಚೇಳು, ಪುಸ್ತಕ ಹಾಳು ಮಾಡೋ ಸಣ್ಣ ಹುಳಗಳನ್ನೇ ತಿನ್ನುತ್ತೆ, ನಮಗೆ ಏನೂ ಮಾಡಲ್ಲ. ಚಾಟಿಚೇಳಿಗೆ ಬಾಲ ಇದೆ, ಆದ್ರೆ ದಾರದಷ್ಟು ಸಣ್ಣ, ತುದೀಲಿ ಕೊಂಡಿ ಇಲ್ಲ, ಕೆಣಕಿದ್ರೆ ವಿನೆಗರ್ ವಾಸನೆಯ ಆಸಿಡ್ ಚಿಮ್ಮಿಸುತ್ತೆ, ಕಣ್ಣಿಗೆ ಬೀಳದಿದ್ರೆ ಸಾಕು. ಒಣ ಜಾಗದಲ್ಲಿ ಓಡಾಡೋ ಕೂದಲು ಕೂದಲಾದ ಸೂರ್ಯಜೇಡಕ್ಕೆ ಹತ್ತು ಕಾಲು ಇದ್ದ ಹಾಗೆ ಕಾಣುತ್ತೆ, ಬಾಯಿ ದೊಡ್ಡದು, ಬಾಲ ಇಲ್ಲ, ಕಚ್ಚಿದ್ರೆ ಗಾಯ ಆಗುತ್ತೆ, ವಿಷದ ಭಯ ಬೇಡ. ಚೇಳಿನ ಬಾಲ ಐದು ಮಣಿ ಪೋಣಿಸಿದ ಹಾಗೆ, ಕೊನೇಲಿ ಉಬ್ಬಿದ ಚೀಲ, ಅದರ ತುದಿಗೆ ಮುಳ್ಳು. ಅದು ಕಾಣ್ಲಿಲ್ಲ ಅಂದ್ರೆ ಚೇಳಲ್ಲ ಅಂತ ತಕ್ಷಣ ಹೇಳೋಕೂ ಆಗಲ್ಲ, ಬಾಲ ಪಕ್ಕಕ್ಕೆ ಸುತ್ತಿಟ್ಕೊಂಡು ಕೂತಿರಬಹುದು. ಅದಕ್ಕೇ ಹೇಳೋದು ಒಂದು ಮೇಲಿಂದ, ಒಂದು ಪಕ್ಕದಿಂದ, ದೂರ ನಿಂತು ಜೂಮ್ ಮಾಡಿ, ಪಕ್ಕದಲ್ಲಿ ಅಳತೆಗೆ ಏನಾದ್ರೂ ಇರ್ಲಿ. ಅಳತೆಗೆ ಅಂತ ಕೈ ಇಡ್ಬೇಡಿ ಮಾರಾಯ್ರೆ, ಇಟ್ಟೋರಿದ್ದಾರೆ.

ಸ್ನೇಹಿತನಿಗೆ ಒಂದು ಯುವಿ ಟಾರ್ಚ್ ತಗೋ ಅಂದೆ. ಆ ಬೆಳಕಲ್ಲಿ ಚೇಳಿನ ಚರ್ಮ ಹಸಿರು ನೀಲಿಯಾಗಿ ಹೊಳೆಯುತ್ತೆ, ಆಗ ತಾನೇ ಪೊರೆ ಬಿಟ್ಟಿದ್ದು ಮಾತ್ರ ಸರಿಯಾಗಿ ಹೊಳೆಯಲ್ಲ. ಮೊನ್ನೆ ರಾತ್ರಿ ಹತ್ತು ಗಂಟೆಗೆ ಅವನ ಮೆಸೇಜ್ ಬಂತು, ಕತ್ತಲೆ ಫೋಟೋ, ಅದೇ ಇಟ್ಟಿಗೆ ರಾಶಿ, ನಾಲ್ಕು ಹಸಿರು ಗೀರು. "ಮಗಾ, ಮೇಸ್ತ್ರಿ ದಿನಾ ಇಲ್ಲೇ ಚಪ್ಪಲಿ ಬಿಡ್ತಾನೆ."