ಟೆಸ್ಟ್ ಕ್ರಾಸ್‌ನ ನಾಲ್ಕು ಸಂಖ್ಯೆಗಳಲ್ಲಿ ಯಾವ ಎರಡನ್ನು ಕೂಡಿಸಬೇಕು?

ಓದುಗರ ಪ್ರಶ್ನೆ: ಎರಡೂ ಪ್ರಬಲ ಗುಣ ಇರುವ ಮರಿಗಳು, ಎರಡೂ ದುರ್ಬಲ ಗುಣ ಇರುವ ಮರಿಗಳು ಪೇರೆಂಟಲ್, ಒಂದು ಪ್ರಬಲ, ಒಂದು ದುರ್ಬಲ ಸೇರಿದವು ರೀಕಾಂಬಿನೆಂಟ್ ಅಂತ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ. ಆದರೆ ಒಂದು ಲೆಕ್ಕದಲ್ಲಿ ರೀಕಾಂಬಿನೇಶನ್ 87% ಬಂತು. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಕೂಡುವುದು, ಭಾಗಿಸುವುದು ಎಲ್ಲ ಸರಿಯಾಗಿಯೇ ಇರಬಹುದು. ತಪ್ಪಿರುವುದು ನೋಟ್ಸ್‌ನ ಆ ಸಾಲು. ಅದು ಅರ್ಧ ಲೆಕ್ಕಗಳಿಗೆ ಮಾತ್ರ ಹೊಂದುತ್ತದೆ.

ಹಣ್ಣಿನ ನೊಣದ ಮೇಲೆ ಮಾರ್ಗನ್ ಮಾಡಿದ ಎರಡು ಪ್ರಯೋಗಗಳನ್ನೇ ತೆಗೆದುಕೊಳ್ಳೋಣ. ಎರಡರಲ್ಲೂ ಅವೇ ಎರಡು ಜೀನ್‌ಗಳು. ಒಂದು ಕಣ್ಣಿನ ಬಣ್ಣದ್ದು: ಕೆಂಪು ಪ್ರಬಲ, ನೇರಳೆ ದುರ್ಬಲ. ಇನ್ನೊಂದು ರೆಕ್ಕೆಯದು: ಪೂರ್ತಿ ರೆಕ್ಕೆ ಪ್ರಬಲ, ಮುದುಡಿದ ಮೋಟು ರೆಕ್ಕೆ ದುರ್ಬಲ.

ಮೊದಲನೆಯದರಲ್ಲಿ ಕೆಂಪು ಕಣ್ಣು, ಪೂರ್ತಿ ರೆಕ್ಕೆಯ ಶುದ್ಧ ತಳಿಯನ್ನು ನೇರಳೆ ಕಣ್ಣು, ಮೋಟು ರೆಕ್ಕೆಯ ತಳಿಯ ಜೊತೆ ಕೂಡಿಸಿದರು. ಹುಟ್ಟಿದ ಎಫ್1 ಹೆಣ್ಣನ್ನು ನೇರಳೆ ಕಣ್ಣು, ಮೋಟು ರೆಕ್ಕೆಯ ಗಂಡಿನ ಜೊತೆ ಬಿಟ್ಟರು. ಇದೇ ಟೆಸ್ಟ್ ಕ್ರಾಸ್. ಈ ಗಂಡು ಕೊಡುವುದು ಬರೀ ದುರ್ಬಲ ಜೀನ್‌ಗಳನ್ನು. ಹಾಗಾಗಿ ತಾಯಿಯ ಅಂಡದಲ್ಲಿ ಏನಿತ್ತೋ ಅದು ಮರಿಯ ಮೈಮೇಲೆ ನೇರವಾಗಿ ಕಾಣುತ್ತದೆ. ಮರಿ ಎಣಿಸಿದರೆ ಅಂಡ ಎಣಿಸಿದ ಹಾಗೆಯೇ.

ಎಣಿಕೆ ಹೀಗಿತ್ತು: ಕೆಂಪು ಕಣ್ಣು, ಪೂರ್ತಿ ರೆಕ್ಕೆ 1339. ನೇರಳೆ, ಮೋಟು 1195. ಕೆಂಪು, ಮೋಟು 151. ನೇರಳೆ, ಪೂರ್ತಿ 154. ಒಟ್ಟು 2839. ಎರಡು ಜೀನ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹಂಚಿಕೆಯಾಗಿದ್ದರೆ ಒಂದೊಂದು ಗುಂಪಿಗೂ ಸುಮಾರು 710 ಬರಬೇಕಿತ್ತು. ಹಾಗೆ ಬಂದಿಲ್ಲ, ಅಲ್ವಾ? ಅಂದರೆ ಎರಡೂ ಜೀನ್ ಒಂದೇ ಕ್ರೋಮೋಸೋಮಿನ ಮೇಲೆ ಹತ್ತಿರ ಹತ್ತಿರ ಕೂತಿವೆ. ಅಜ್ಜ-ಅಜ್ಜಿಯರಲ್ಲಿ ಇಲ್ಲದ ಜೋಡಣೆ ಕೊನೆಯ ಎರಡು ಗುಂಪುಗಳದ್ದು. ಅವೇ ರೀಕಾಂಬಿನೆಂಟ್:

```
(151 + 154) ÷ 2839 × 100 = 10.7%
```

ಇಲ್ಲಿ ನಿಮ್ಮ ಸಾಲು ಸರಿಯಾಗಿಯೇ ಕೆಲಸ ಮಾಡಿತು. ಈಗ ಎರಡನೇ ಪ್ರಯೋಗ ನೋಡಿ. ಈ ಸಲ ಶುರುವಿನ ಜೋಡಿ ಬೇರೆ: ಕೆಂಪು ಕಣ್ಣು, ಮೋಟು ರೆಕ್ಕೆಯ ತಳಿ ಒಂದು ಕಡೆ, ನೇರಳೆ ಕಣ್ಣು, ಪೂರ್ತಿ ರೆಕ್ಕೆಯ ತಳಿ ಇನ್ನೊಂದು ಕಡೆ. ಎಫ್1 ಹೆಣ್ಣು ನೋಡಲು ಮೊದಲಿನದರ ಹಾಗೆಯೇ ಇರುತ್ತದೆ. ಆದರೆ ಅದರ ಒಂದೊಂದು ಕ್ರೋಮೋಸೋಮಿನಲ್ಲೂ ಒಂದು ಪ್ರಬಲ, ಒಂದು ದುರ್ಬಲ ಜೀನ್ ಇದೆ. ಟೆಸ್ಟ್ ಕ್ರಾಸ್‌ನಲ್ಲಿ ಸಿಕ್ಕಿದ್ದು: ಕೆಂಪು, ಮೋಟು 965. ನೇರಳೆ, ಪೂರ್ತಿ 1067. ಕೆಂಪು, ಪೂರ್ತಿ 157. ನೇರಳೆ, ಮೋಟು 146. ಒಟ್ಟು 2335.

ನಿಮ್ಮ ನೋಟ್ಸ್ ಪ್ರಕಾರ 965ಕ್ಕೆ 1067 ಕೂಡಿಸಿ ಭಾಗಿಸಿದರೆ ಸರಿಯಾಗಿ 87% ಬರುತ್ತದೆ. ನಿಮಗೆ ಬಂದಿದ್ದು ಇದೇ ಲೆಕ್ಕ ಇರಬೇಕು. ಇಲ್ಲಿ ಆ ಎರಡು ಗುಂಪುಗಳೇ ಪೇರೆಂಟಲ್. ಹೊಸ ಜೋಡಣೆ ಇರುವುದು ಉಳಿದೆರಡರಲ್ಲಿ:

```
(157 + 146) ÷ 2335 × 100 = 13.0%
```

ಹಾಗಾಗಿ ಮೊದಲು ನೋಡಬೇಕಾದದ್ದು ಶುದ್ಧ ತಳಿಗಳಲ್ಲಿ ಯಾವುದರ ಜೊತೆ ಯಾವುದಿತ್ತು ಅಂತ. ಅದನ್ನು ಕೊಟ್ಟಿಲ್ಲ ಅಂದರೆ, ಲಿಂಕೇಜ್ ಇರುವ ಕಡೆ ಸಂಖ್ಯೆ ಕಡಿಮೆ ಇರುವ ಎರಡು ಗುಂಪುಗಳೇ ರೀಕಾಂಬಿನೆಂಟ್. ಒಂದು ಕ್ರಾಸಿಂಗ್ ಓವರ್‌ನಿಂದ ಎರಡು ಬಗೆಯೂ ಒಟ್ಟಿಗೇ ಹುಟ್ಟುವುದರಿಂದ ಅವು ಹೆಚ್ಚುಕಡಿಮೆ ಸಮ ಇರುತ್ತವೆ: 151ಕ್ಕೆ 154, 157ಕ್ಕೆ 146. ಹಾಗೆ ಜೋಡಿ ಹೊಂದದೆ ಒಂದು 150, ಇನ್ನೊಂದು 600 ಇದ್ದರೆ ಗುಂಪುಗಳ ಹೆಸರನ್ನು ಇನ್ನೊಮ್ಮೆ ಓದಿ.

87% ಆಗುವುದೇ ಇಲ್ಲ ಅನ್ನುವುದಕ್ಕೂ ಕಾರಣ ಇದೆ. ಕ್ರಾಸಿಂಗ್ ಓವರ್ ಹೊತ್ತಿಗೆ ಜೋಡಿ ಕ್ರೋಮೋಸೋಮ್‌ಗಳು ನಾಲ್ಕು ಎಳೆಗಳಾಗಿರುತ್ತವೆ. ಒಂದು ಕಡೆ ಅದಲುಬದಲಾದರೆ ಎರಡು ಎಳೆ ಮಾತ್ರ ಬದಲಾಗುತ್ತವೆ, ಇನ್ನೆರಡು ಹಾಗೆಯೇ ಉಳಿಯುತ್ತವೆ. ಪ್ರತಿ ಅಂಡ ತಯಾರಾಗುವಾಗಲೂ ಹೀಗೆ ಒಮ್ಮೆ ಆಯಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಅರ್ಧದಷ್ಟೇ ರೀಕಾಂಬಿನೆಂಟ್. ಜಾಸ್ತಿ ಸಲ ಆದರೂ ಸರಾಸರಿ 50% ದಾಟುವುದಿಲ್ಲ. ಎರಡು ಸಲ ಆದಾಗ ಕೆಲವು ಎಳೆಗಳು ಮೊದಲಿನ ಜೋಡಣೆಗೇ ಮರಳುತ್ತವೆ.

ಒಂದೇ ಜೀನ್ ಜೋಡಿಗೆ 10.7, 13.0 ಅಂತ ಎರಡು ಉತ್ತರ ಬಂದಿದ್ದಕ್ಕೆ ಗಾಬರಿ ಬೇಡ. ತಾಯಿ ನೊಣದ ವಯಸ್ಸು, ಬೆಳೆಸಿದ ಜಾಗದ ಬಿಸಿ ಇವೆಲ್ಲ ಕ್ರಾಸಿಂಗ್ ಓವರ್ ಮೇಲೆ ಪರಿಣಾಮ ಮಾಡುತ್ತವೆ. ಈ ನೊಣದ ಜೀನ್ ನಕ್ಷೆಯಲ್ಲಿ ಇವೆರಡರ ನಡುವಿನ ದೂರ 12.5 ಯೂನಿಟ್.

ಇನ್ನೊಂದು ವಿಷಯ. ಎರಡೂ ಸಲ ಎಫ್1 ಹೆಣ್ಣನ್ನೇ ಬಳಸಿದ್ದು ಗಮನಿಸಿದಿರಾ? ಗಂಡು ಹಣ್ಣಿನ ನೊಣದಲ್ಲಿ ಕ್ರಾಸಿಂಗ್ ಓವರ್ ನಡೆಯುವುದಿಲ್ಲ. ಎಫ್1 ಗಂಡನ್ನು ಬಳಸಿದ್ದರೆ ಬರುತ್ತಿದ್ದುದು ಪೇರೆಂಟಲ್ ಗುಂಪುಗಳೆರಡೇ. ಲೆಕ್ಕದಲ್ಲಿ ಎರಡೇ ಸಂಖ್ಯೆ ಕೊಟ್ಟಿದ್ದರೆ ಎಫ್1 ಗಂಡೋ ಹೆಣ್ಣೋ ಅಂತ ಮೊದಲು ನೋಡಿ.