ವ್ಯಾಲಿಡೇಶನ್ ಲಾಸ್ ಚೆನ್ನಾಗಿದ್ದರೂ ಹೊಸ ಪ್ರಶ್ನೆಗೆ ಮಾದರಿ ತಡವರಿಸುವುದೇಕೆ?

ಪ್ರಶ್ನೆ: ಯಾದಗಿರಿ ಭಾಗದ ರೈತರು ಫೋನಿನಲ್ಲಿ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ ತೊಗರಿ ಬೆಳೆಯ ಪ್ರಶ್ನೆಗಳನ್ನೂ ಸಿಬ್ಬಂದಿ ಕೊಟ್ಟ ಉತ್ತರಗಳನ್ನೂ ಸೇರಿಸಿ, ಭಾಷಾ ಮಾದರಿಯೊಂದರ ಸೂಪರ್‌ವೈಸ್ಡ್ ಫೈನ್‌ಟ್ಯೂನಿಂಗ್‌ಗಾಗಿ ಸುಮಾರು 3,000 ಸಂಭಾಷಣೆಗಳನ್ನು ಸಿದ್ಧಪಡಿಸಿದ್ದೇವೆ. ಅಕ್ಷರಶಃ ಒಂದೇ ಆಗಿದ್ದ ಸಾಲುಗಳನ್ನು ಅಳಿಸಿ, ಉಳಿದವುಗಳಲ್ಲಿ ಶೇ 10ರಷ್ಟನ್ನು ಮನಸ್ಸಿಗೆ ಬಂದಂತೆ ಆರಿಸಿ ವ್ಯಾಲಿಡೇಶನ್‌ಗೆ ಎತ್ತಿಟ್ಟೆವು. ತರಬೇತಿಯ ಉದ್ದಕ್ಕೂ ವ್ಯಾಲಿಡೇಶನ್ ಲಾಸ್ ಇಳಿಯುತ್ತಲೇ ಹೋಯಿತು. ಆದರೆ ರೈತರು ಹೊಸದಾಗಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತಿದೆ. ದತ್ತಾಂಶ ಸಿದ್ಧಪಡಿಸುವಾಗ ಎಲ್ಲಿ ಎಡವಿದ್ದೇವೆ?

ಉತ್ತರ: ನೀವು ಹೇಳಿದ ಲಕ್ಷಣವನ್ನು ನೋಡಿದರೆ, ಎತ್ತಿಟ್ಟ ಪ್ರಶ್ನೆಗಳ ಒಡಹುಟ್ಟುಗಳು ತರಬೇತಿಯ ಕಡತದಲ್ಲೇ ಉಳಿದುಕೊಂಡಿರುವ ಸಾಧ್ಯತೆ ಹೆಚ್ಚು. ಸಹಾಯವಾಣಿಯ ದಾಖಲೆಗಳಲ್ಲಿ ಇದು ಆಗದಿದ್ದರೇ ಆಶ್ಚರ್ಯ, ಏಕೆಂದರೆ ತೊಗರಿಗೆ ನೆಟೆ ರೋಗ ಬಂದ ವಾರದಲ್ಲಿ ಊರೂರಿನಿಂದ ಬರುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ. ಅಂತಹ ಒಂದು ಪ್ರಶ್ನೆ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಐದು ಸಲ ದಾಖಲಾಗಿದೆ ಎಂದುಕೊಳ್ಳಿ. ಅದರಲ್ಲಿ ಒಂದು ಪ್ರತಿ ವ್ಯಾಲಿಡೇಶನ್‌ಗೆ ಬಂದಾಗ, ಉಳಿದ ನಾಲ್ಕೂ ವ್ಯಾಲಿಡೇಶನ್‌ಗೇ ಬಂದಿರುವ ಸಂಭವ 0.1ರ ನಾಲ್ಕನೆಯ ಘಾತ, ಅಂದರೆ ಸುಮಾರು 10,000ಕ್ಕೆ ಒಂದು. ಮಿಕ್ಕ ಎಲ್ಲ ಸಂದರ್ಭಗಳಲ್ಲಿ ಮಾದರಿಯು ಅದೇ ಉತ್ತರವನ್ನು ಒಮ್ಮೆಯಾದರೂ ಓದಿಕೊಂಡೇ ಪರೀಕ್ಷೆಗೆ ಕೂತಿರುತ್ತದೆ. ಎರಡೇ ಪ್ರತಿಗಳಿದ್ದರೂ ಸೋರಿಕೆಯ ಸಂಭವ ಶೇ 90. ಆದ್ದರಿಂದ ನಿಮ್ಮ ಲಾಸ್ ತೋರಿಸುತ್ತಿರುವುದು ಹೆಚ್ಚಾಗಿ ನೆನಪಿನ ಶಕ್ತಿಯನ್ನು.

ಅಕ್ಷರಶಃ ಒಂದೇ ಆಗಿದ್ದವನ್ನು ಅಳಿಸಿದ್ದೇವೆ ಎಂದಿದ್ದೀರಿ. ಕನ್ನಡದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಸಾಲುಗಳು ಕಂಪ್ಯೂಟರಿಗೆ ಬೇರೆ ಬೇರೆಯಾಗಿರಬಹುದು. ಒತ್ತಕ್ಷರ ಕೂಡದಂತೆ ತಡೆಯಲು ಕೀಲಿಮಣೆ ಸೇರಿಸುವ ಕಾಣದ ಅಕ್ಷರಗಳು ಒಂದು ಸಾಲಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಓಕಾರದ ಚಿಹ್ನೆಯನ್ನು ಒಂದು ತಂತ್ರಾಂಶ ಒಂದೇ ಸಂಕೇತವಾಗಿಯೂ ಇನ್ನೊಂದು ಹಲವು ತುಂಡುಗಳಾಗಿಯೂ ಉಳಿಸಿರಬಹುದು. ಒಬ್ಬರು 2 ಎಕರೆ ಎಂದು ಬರೆದರೆ ಮತ್ತೊಬ್ಬರು ೨ ಎಕರೆ ಎಂದು ಬರೆದಿರಬಹುದು. ಹಾಗಾಗಿ ಮೂಲ ಪಠ್ಯವನ್ನು ಮುಟ್ಟದೆ, ಹೋಲಿಕೆಗೆಂದೇ ಒಂದು ಪ್ರತ್ಯೇಕ ಕೀಲಿಯನ್ನು ತಯಾರಿಸಿಕೊಳ್ಳಬೇಕು:

```python
import re, unicodedata

DIGITS = str.maketrans("೦೧೨೩೪೫೬೭೮೯", "0123456789")

def key(s):
    s = unicodedata.normalize("NFC", s).translate(DIGITS)
    s = re.sub("[\u200b\u200c\u200d\ufeff]", "", s)
    s = re.sub(r"[^\w\u0c80-\u0cff]+", " ", s)
    return s.strip().lower()
```

ಇದರಲ್ಲಿ `\u0c80-\u0cff` ಎಂಬ ಭಾಗವನ್ನು ಅನವಶ್ಯಕವೆಂದು ತೆಗೆದುಹಾಕಬೇಡಿ. ಪೈಥಾನ್‌ನ `re` ಗ್ರಂಥಾಲಯದಲ್ಲಿ `\w` ಎಂಬುದು ಕನ್ನಡದ ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅಕ್ಷರವೆಂದು ಪರಿಗಣಿಸುವುದಿಲ್ಲ. ಆ ಭಾಗವಿಲ್ಲದಿದ್ದರೆ "ಬೆಳೆ" ಮತ್ತು "ಬಾಳೆ" ಎರಡೂ ಗುಣಿತ ಕಳೆದುಕೊಂಡು ಬರೀ "ಬ ಳ" ಆಗಿ ಉಳಿಯುತ್ತವೆ, ಮತ್ತು ಬೆಳೆಯ ಪ್ರಶ್ನೆ ಬಾಳೆಯ ಪ್ರಶ್ನೆಯ ನಕಲೆಂದು ಸದ್ದಿಲ್ಲದೆ ಅಳಿದುಹೋಗುತ್ತದೆ. ಇಂಗ್ಲಿಷ್ ಪಠ್ಯಕ್ಕೆಂದು ಬರೆದ ಶುಚಿಗೊಳಿಸುವ ಕೋಡನ್ನು ಹಾಗೆಯೇ ತಂದು ಹಾಕಿದಲ್ಲಿ ಈ ಅವಘಡ ಸಾಮಾನ್ಯ.

ಪ್ರಶ್ನೆಯ ಕೀಲಿ, ಉತ್ತರದ ಕೀಲಿ ಎರಡೂ ಒಂದೇ ಆಗಿರುವ ದಾಖಲೆಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸಬಹುದು. ನನ್ನ ಅಭಿಪ್ರಾಯದಲ್ಲಿ ಯಂತ್ರಕ್ಕೆ ಅಳಿಸಲು ಬಿಡಬೇಕಾದದ್ದು ಅಷ್ಟೇ. ಪ್ರಶ್ನೆ ಒಂದೇ ಇದ್ದು ಉತ್ತರ ಬೇರೆಯಿದ್ದರೆ, ಉದಾಹರಣೆಗೆ ಕಿಲೋ ಬೀಜಕ್ಕೆ ಟ್ರೈಕೋಡರ್ಮಾ ಎಷ್ಟು ಗ್ರಾಂ ಎಂಬುದಕ್ಕೆ ಒಂದು ದಾಖಲೆ 4 ಎಂದೂ ಇನ್ನೊಂದು 10 ಎಂದೂ ಹೇಳಿದ್ದರೆ, ಅದು ನಕಲಲ್ಲ, ವಿರೋಧ. ಎರಡನ್ನೂ ಉಳಿಸಿದರೆ ಮಾದರಿಯು ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳುವುದನ್ನೇ ಕಲಿಯುತ್ತದೆ. ಯಾವುದು ಸರಿ ಎಂಬುದನ್ನು ದತ್ತಾಂಶ ಜೋಡಿಸುವವರು ತೀರ್ಮಾನಿಸಬಾರದು. ಅಂಥವುಗಳನ್ನು ಬೇರೆ ಪಟ್ಟಿ ಮಾಡಿ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಮುಂದಿಡಬೇಕು.

ಇನ್ನು ಹತ್ತಿರದ ನಕಲುಗಳ ವಿಷಯ. ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಹೋಲಿಕೆ ಇಂತಿಷ್ಟು ದಾಟಿದರೆ ಅಳಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆದರೆ "TS-3R ತಳಿಯನ್ನು ಯಾವಾಗ ಬಿತ್ತಬೇಕು" ಮತ್ತು "GRG-811 ತಳಿಯನ್ನು ಯಾವಾಗ ಬಿತ್ತಬೇಕು" ಎಂಬ ಎರಡು ಪ್ರಶ್ನೆಗಳ ನಡುವೆ ಇರುವ ವ್ಯತ್ಯಾಸ ಕೆಲವೇ ಅಕ್ಷರಗಳದು. ಅಳಿಸಿದರೆ ಒಂದು ತಳಿಯ ಮಾಹಿತಿಯೇ ಕೈಬಿಟ್ಟುಹೋಗುತ್ತದೆ. ಅಳಿಸದೆ ಬಿಟ್ಟು ಒಂದನ್ನು ಆಚೆ, ಒಂದನ್ನು ಈಚೆ ಹಾಕಿದರೆ ಪರೀಕ್ಷೆ ಸಡಿಲವಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಅಂಥ ದಾಖಲೆಗಳನ್ನು ಅಳಿಸುವ ಬದಲು ಒಂದೇ ಗುಂಪಿಗೆ ಸೇರಿಸಿ, ಇಡೀ ಗುಂಪನ್ನು ತರಬೇತಿಗೋ ವ್ಯಾಲಿಡೇಶನ್‌ಗೋ ಒಟ್ಟಾಗಿ ಕಳುಹಿಸುವುದು. ಅಳಿಸುವ ನಿಯಮ ಬಿಗಿಯಾಗಿರಲಿ, ಗುಂಪು ಮಾಡುವ ನಿಯಮ ಸಡಿಲವಾಗಿರಲಿ.

ಗುಂಪು ಮಾಡಲು ಪ್ರತಿ ಪ್ರಶ್ನೆಯ ಕೀಲಿಯನ್ನು ಐದೈದು ಅಕ್ಷರಗಳ ಒಂದರ ಮೇಲೊಂದು ಸರಿಯುವ ತುಂಡುಗಳಾಗಿ ಒಡೆದು, ಎರಡು ಪ್ರಶ್ನೆಗಳಿಗೆ ಸಮಾನವಾದ ತುಂಡುಗಳ ಸಂಖ್ಯೆಯನ್ನು ಎರಡರಲ್ಲೂ ಸೇರಿ ಇರುವ ಬೇರೆ ಬೇರೆ ತುಂಡುಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಇದೇ ಜಕಾರ್ಡ್ ಹೋಲಿಕೆ. ಪದಗಳನ್ನು ಹೋಲಿಸಿದರೆ ಕನ್ನಡದಲ್ಲಿ ಮೋಸಹೋಗುತ್ತೇವೆ, ಏಕೆಂದರೆ ತೊಗರಿ, ತೊಗರಿಗೆ, ತೊಗರಿಯಲ್ಲಿ ಎಂಬವು ಮೂರು ಬೇರೆ ಪದಗಳಾಗಿಬಿಡುತ್ತವೆ. 3,000 ದಾಖಲೆಗಳಿಗೆ ಸುಮಾರು 45 ಲಕ್ಷ ಜೋಡಿಗಳಾಗುತ್ತವೆ, ಸಾಧಾರಣ ಲ್ಯಾಪ್‌ಟಾಪ್ ಅಷ್ಟನ್ನು ನೇರವಾಗಿಯೇ ಹೋಲಿಸುತ್ತದೆ. ಮಿನ್‌ಹ್ಯಾಶ್‌ನಂತಹ ತಂತ್ರ ಬೇಕಾಗುವುದು ದಾಖಲೆಗಳು ಲಕ್ಷಗಟ್ಟಲೆಯಾದಾಗ. ಗಡಿಯನ್ನು 0.6ರಿಂದ ಆರಂಭಿಸಿ, ಅದರ ಆಸುಪಾಸಿನ ಕೆಲವು ಹತ್ತು ಜೋಡಿಗಳನ್ನು ಕಣ್ಣಾರೆ ಓದಿ ಮೇಲೆ ಕೆಳಗೆ ಮಾಡಿಕೊಳ್ಳಿ.

ಆದರೆ ಅಕ್ಷರದ ಹೋಲಿಕೆಗೆ ನಮ್ಮ ಭಾಗದಲ್ಲಿ ಒಂದು ದೊಡ್ಡ ಮಿತಿಯಿದೆ. "ತೊಗರಿ ಗಿಡಗಳು ಒಣಗುತ್ತಿವೆ, ಏನು ಮಾಡಬೇಕು?" ಎಂದು ಒಬ್ಬರು ಬರೆದಿರುತ್ತಾರೆ, "ತೊಗರಿ ಒಣಗ್ಲಾಕತ್ತಾವ್ರಿ, ಏನ್ ಮಾಡ್ಬೇಕ್ರಿ?" ಎಂದು ಇನ್ನೊಬ್ಬರು. ಅರ್ಥ ಒಂದೇ, ಆದರೆ ತುಂಡುಗಳು ಅಷ್ಟಾಗಿ ಕೂಡುವುದಿಲ್ಲ. ಇವುಗಳನ್ನು ಹಿಡಿಯುವ ಸುಲಭ ದಾರಿ ಉತ್ತರದಲ್ಲಿದೆ: ಸಿಬ್ಬಂದಿ ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡು ಅದನ್ನೇ ಎಲ್ಲರಿಗೂ ಅಂಟಿಸಿರುತ್ತಾರೆ. ಆದ್ದರಿಂದ ಉತ್ತರದ ಕೀಲಿ ಒಂದೇ ಆಗಿದ್ದರೂ ಆ ದಾಖಲೆಗಳನ್ನು ಒಂದೇ ಗುಂಪಿಗೆ ಸೇರಿಸಿ. "ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಭೇಟಿ ಕೊಡಿ" ಎಂಬಂತಹ ಎಲ್ಲದಕ್ಕೂ ಸಲ್ಲುವ ಉತ್ತರಗಳನ್ನು ಮಾತ್ರ ಈ ಹೋಲಿಕೆಯಿಂದ ಹೊರಗಿಡಬೇಕು, ಇಲ್ಲವಾದರೆ ಅ ಜೊತೆ ಆ, ಆ ಜೊತೆ ಇ ಎಂದು ಕೊಂಡಿ ಬೆಸೆಯುತ್ತ ಅರ್ಧ ಕಡತವೇ ಒಂದು ಗುಂಪಾಗುತ್ತದೆ. ಅತಿ ದೊಡ್ಡ ಗುಂಪಿನಲ್ಲಿ ಎಷ್ಟು ದಾಖಲೆಗಳಿವೆ ಎಂದು ಒಮ್ಮೆ ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ. ಹಾಗೆಯೇ ಒಬ್ಬರೇ ರೈತರ ಒಂದು ದೀರ್ಘ ಸಂಭಾಷಣೆಯನ್ನು ಹಲವು ಉದಾಹರಣೆಗಳಾಗಿ ತುಂಡರಿಸಿದ್ದರೆ ಅವೆಲ್ಲವೂ ಒಂದೇ ಗುಂಪಿಗೆ ಸೇರಬೇಕು.

ರೈತರ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಿ ಏಕರೂಪ ಮಾಡುವ ಆಸೆ ಈ ಹಂತದಲ್ಲಿ ಬರುತ್ತದೆ. ದಯವಿಟ್ಟು ಮಾಡಬೇಡಿ. ನಾಳೆ ಮಾದರಿಗೆ ಬರುವ ಪ್ರಶ್ನೆಗಳು "ಒಣಗ್ಲಾಕತ್ತಾವ್ರಿ" ಎಂದೇ ಬರುತ್ತವೆ. ಏಕರೂಪತೆ ಬೇಕಾದದ್ದು ಉತ್ತರದ ಶೈಲಿಯಲ್ಲಿ ಮತ್ತು ಕಡತದ ಚೌಕಟ್ಟಿನಲ್ಲಿ. ಒಂದು ದಾಖಲೆ ಒಂದು ಸಾಲು, ಪಾತ್ರಗಳ ಹೆಸರು ಎಲ್ಲೆಡೆ ಒಂದೇ, ಕೊನೆಯ ಮಾತು ಯಾವಾಗಲೂ `assistant` ಪಾತ್ರದ್ದು:

```json
{"id":"y-0412","group":"g-087","messages":[{"role":"user","content":"ತೊಗರಿ ಒಣಗ್ಲಾಕತ್ತಾವ್ರಿ, ಏನ್ ಮಾಡ್ಬೇಕ್ರಿ?"},{"role":"assistant","content":"ಒಂದು ಗಿಡ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಪ್ಪು ಗೆರೆಗಳಿವೆಯೇ?"}]}
```

ಹೆಸರು, ಫೋನ್ ಸಂಖ್ಯೆ, ಸರ್ವೆ ನಂಬರುಗಳನ್ನು ತೆಗೆದು ಅವುಗಳ ಜಾಗದಲ್ಲಿ ಒಂದೇ ಬಗೆಯ ಗುರುತು ಹಾಕಿ. ಮಾದರಿ ಬಳಸುವ ವಿಶೇಷ ಟೋಕನ್‌ಗಳನ್ನು ಪಠ್ಯದೊಳಗೆ ಕೈಯಿಂದ ಬರೆಯಬೇಡಿ. ಆ ಕೆಲಸವನ್ನು ಟೋಕನೈಸರ್‌ನ ಚಾಟ್ ಟೆಂಪ್ಲೇಟ್ ಮಾಡಲಿ, ತರಬೇತಿಯಲ್ಲಿ ಬಳಸಿದ ಟೆಂಪ್ಲೇಟನ್ನೇ ಬಳಕೆಯಲ್ಲೂ ಇಟ್ಟುಕೊಳ್ಳಿ. ಜೊತೆಗೆ ಕನ್ನಡದ ಒಂದು ಪದಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್‌ಗಳು ಖರ್ಚಾಗುವುದರಿಂದ, ಉದ್ದದ ಮಿತಿ ಚಿಕ್ಕದಿದ್ದರೆ ಉತ್ತರದ ಬಾಲ ಕತ್ತರಿಸಿಹೋಗುತ್ತದೆ. ಮುಕ್ತಾಯದ ಟೋಕನ್ ಅದರೊಂದಿಗೇ ಹೋಗುವುದರಿಂದ, ಮಾದರಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯದೆ ಮಾತು ಬೆಳೆಸುತ್ತ ಹೋಗುತ್ತದೆ. ಮಿತಿ ದಾಟಿದ ದಾಖಲೆಗಳು ಎಷ್ಟಿವೆ ಎಂದು ಮೊದಲೇ ಎಣಿಸಿ.

ಗುಂಪುಗಳು ಸಿದ್ಧವಾದ ಮೇಲೆ ಸೈಕಿಟ್-ಲರ್ನ್‌ನ `GroupShuffleSplit` ಬಳಸಿ ವಿಭಜಿಸಬಹುದು. ಅದರಲ್ಲಿ `test_size=0.1` ಎಂದರೆ ಗುಂಪುಗಳ ಹತ್ತನೇ ಒಂದು ಭಾಗ, ದಾಖಲೆಗಳದ್ದಲ್ಲ. ಆದ್ದರಿಂದ ಕೊನೆಗೆ ಎಷ್ಟು ಸಾಲುಗಳು ಬಂದವು ಎಂದು ಎಣಿಸಿ ನೋಡಬೇಕು. ಬಿತ್ತನೆ, ನೆಟೆ ರೋಗ, ಕಾಯಿಕೊರಕ, ಕೊಯ್ಲು ಇವೆಲ್ಲದರ ಪ್ರಶ್ನೆಗಳೂ ವ್ಯಾಲಿಡೇಶನ್‌ನಲ್ಲಿ ಇವೆಯೇ ಎಂಬುದನ್ನೂ ಪರಿಶೀಲಿಸಿ. ಕೊನೆಯ ತಿಂಗಳ ದಾಖಲೆಗಳನ್ನಷ್ಟೇ ಎತ್ತಿಟ್ಟರೆ, ಆ ತಿಂಗಳು ಡಿಸೆಂಬರ್ ಆಗಿದ್ದಲ್ಲಿ, ಜೂನ್ ತಿಂಗಳ ಬಿತ್ತನೆಯ ಪ್ರಶ್ನೆ ಒಂದೂ ಸಿಗಲಿಕ್ಕಿಲ್ಲ.

ವಿಭಜನೆ ಸರಿಯಾಗಿದೆಯೇ ಎಂದು ತಿಳಿಯಲು ವ್ಯಾಲಿಡೇಶನ್‌ನ ಪ್ರತಿಯೊಂದು ಪ್ರಶ್ನೆಗೂ ತರಬೇತಿಯಲ್ಲಿ ಅತಿ ಹತ್ತಿರದ ಪ್ರಶ್ನೆಯನ್ನು ಹುಡುಕಿ, ಹೋಲಿಕೆ ಹೆಚ್ಚಿರುವ ಕ್ರಮದಲ್ಲಿ ಜೋಡಿಸಿ, ಮೇಲಿನ ಇಪ್ಪತ್ತು ಜೋಡಿಗಳನ್ನು ಓದಿ. ನಿಮ್ಮ ಹಳೆಯ ವಿಭಜನೆಗೂ ಇದನ್ನೇ ಮಾಡಿದರೆ ಸೋರಿಕೆ ಎಷ್ಟಿತ್ತೆಂದು ಕಣ್ಣಿಗೆ ಬೀಳುತ್ತದೆ. ಹೊಸ ವಿಭಜನೆಯಲ್ಲಿ ಮತ್ತೆ ತರಬೇತಿ ಕೊಟ್ಟಾಗ ವ್ಯಾಲಿಡೇಶನ್ ಲಾಸ್ ಮೊದಲಿಗಿಂತ ಹೆಚ್ಚಿರುತ್ತದೆ, ಮತ್ತು ಕೆಲವು ಸುತ್ತುಗಳ ಬಳಿಕ ಇಳಿಯುವುದನ್ನು ನಿಲ್ಲಿಸಿ ಏರಲೂಬಹುದು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ತರಬೇತಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೇಳುವ ಅಂಕಿ ಅದೇ.

ವ್ಯಾಲಿಡೇಶನ್‌ಗೆ ಹೋದ `id`ಗಳನ್ನು ಒಂದು ಕಡತದಲ್ಲಿ ಉಳಿಸಿಟ್ಟು, ಪ್ರತಿ ಸಲವೂ ಅದನ್ನೇ ಬಳಸಿ. ಮುಂದಿನ ಮುಂಗಾರಿನ ದಾಖಲೆಗಳು ಬಂದಾಗ ಹೊಸದಾಗಿ ವಿಭಜಿಸುವ ಬದಲು, ಮೊದಲು ಅವನ್ನು ಹಳೆಯ ಗುಂಪುಗಳೊಂದಿಗೆ ಹೋಲಿಸಿ, ವ್ಯಾಲಿಡೇಶನ್ ಗುಂಪಿಗೆ ಸೇರುವಂಥವನ್ನು ತರಬೇತಿಯಿಂದ ದೂರವಿಡಿ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಬರೆಸಿ ದತ್ತಾಂಶ ಹೆಚ್ಚಿಸುವ ಯೋಚನೆಯಿದ್ದರೆ ಅದನ್ನು ವಿಭಜನೆಯ ನಂತರ, ತರಬೇತಿಯ ಭಾಗದ ಮೇಲೆ ಮಾತ್ರ ಮಾಡಿ.