ಸ್ಕ್ವಾಟ್‌ಗೆ ಒಂದು ನಿಮಿಷ ಸಾಲದು

ಹಾಸನದಲ್ಲಿ ನಾನು ಹೋಗುವ ಜಿಮ್‌ನಲ್ಲಿ ಸ್ಕ್ವಾಟ್ ರ್ಯಾಕ್ ಇರುವುದು ಒಂದೇ, ಸಂಜೆ ಹೊತ್ತು ಕಾಯುವವರು ಮೂರು ನಾಲ್ಕು ಜನ. ಸೆಟ್ ಮುಗಿಸಿ ಸ್ವಲ್ಪ ಕೂತರೆ ಸಾಕು, "ಏಳು ಗುರು, ಬಾಡಿ ತಣ್ಣಗಾಗುತ್ತೆ" ಅಂತಾರೆ. ಒಂದು ನಿಮಿಷಕ್ಕಿಂತ ಜಾಸ್ತಿ ಕೂತರೆ ಮಸಲ್ ಬೆಳೆಯಲ್ಲ ಅನ್ನುವ ನಂಬಿಕೆ ಇದು. ನಾನೂ ತುಂಬಾ ದಿನ ಹಾಗೇ ಮಾಡಿದೆ.

ಇದು ಸುಮ್ನೆ ಹುಟ್ಟಿದ್ದಲ್ಲ. ಕಡಿಮೆ ವಿರಾಮ ಕೊಟ್ಟರೆ ರಕ್ತದಲ್ಲಿ ಗ್ರೋತ್ ಹಾರ್ಮೋನ್ ಏರುತ್ತದೆ, ಅದು ನಿಜ. ಆದರೆ ಆ ಏರಿಕೆ ಸ್ವಲ್ಪ ಹೊತ್ತಿನದು, ಸ್ನಾಯು ಬೆಳೆಯುವುದಕ್ಕೂ ಅದಕ್ಕೂ ಅಂಥ ಸಂಬಂಧ ಕಂಡುಬಂದಿಲ್ಲ. 2016ರಲ್ಲಿ ಅಮೆರಿಕದ ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು, ಮೊದಲೇ ವ್ಯಾಯಾಮದ ಅಭ್ಯಾಸವಿದ್ದ 21 ಯುವಕರನ್ನು ಎರಡು ಗುಂಪು ಮಾಡಿ 8 ವಾರ ಒಂದೇ ಥರದ ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ 1 ನಿಮಿಷ ವಿರಾಮ, ಇನ್ನೊಂದಕ್ಕೆ 3 ನಿಮಿಷ. ಶಕ್ತಿಯೂ ತೊಡೆಯ ಗಾತ್ರವೂ ಜಾಸ್ತಿ ಆಗಿದ್ದು 3 ನಿಮಿಷದವರಿಗೆ. ಆ ಅಧ್ಯಯನದಲ್ಲಿದ್ದ ಜನ ಕಡಿಮೆ, ಆದರೂ ಏಕೆ ಹೀಗೆ ಅಂತ ಲೆಕ್ಕ ಹಾಕಿದರೆ ಅರ್ಥವಾಗುತ್ತದೆ.

60 ಕೆಜಿ ಇಟ್ಟು ಸ್ಕ್ವಾಟ್ ಮಾಡುತ್ತೀರಿ ಅಂದುಕೊಳ್ಳಿ. ಒಂದೊಂದೇ ನಿಮಿಷ ಬಿಟ್ಟರೆ ಮೂರು ಸೆಟ್‌ನಲ್ಲಿ 10, 7, 5, ಒಟ್ಟು 22 ರೆಪ್ಸ್, ಅಂದರೆ 22 ಸಲ ಕೂತು ಏಳುವುದು. ಮೂರು ನಿಮಿಷ ಬಿಟ್ಟರೆ 10, 9, 8, ಅಂದರೆ 27. ಅದೇ ತೂಕ, ಅದೇ ಮೂರು ಸೆಟ್, ಆದರೆ ಕಾಲಿಗೆ ಸಿಕ್ಕ ಕೆಲಸ 300 ಕೆಜಿಯಷ್ಟು ಹೆಚ್ಚು. ಭಾರ ಎತ್ತುವ ಮೊದಲ ಸೆಕೆಂಡುಗಳಲ್ಲಿ ಸ್ನಾಯು ನೆಚ್ಚಿಕೊಳ್ಳುವುದು ಫಾಸ್ಫೋಕ್ರಿಯಾಟಿನ್ ಅನ್ನುವ ಸಂಗ್ರಹವನ್ನು. ಅದು ಖಾಲಿಯಾದ ಮೇಲೆ ಅರ್ಧದಷ್ಟು ಬೇಗನೇ ತುಂಬಿಕೊಳ್ಳುತ್ತದೆ, ಉಳಿದದ್ದಕ್ಕೆ ಕೆಲವು ನಿಮಿಷ ಬೇಕು. ಅದಕ್ಕೇ ಬರೀ ಶಕ್ತಿಗಾಗಿ 3ರಿಂದ 5 ರೆಪ್ಸ್ ಮಾಡುವವರು ಐದು ನಿಮಿಷದವರೆಗೂ ಕೂರುತ್ತಾರೆ, ಅದು ಸೋಮಾರಿತನ ಅಲ್ಲ.

ಹಾಗಂತ ಡಂಬೆಲ್ ಕರ್ಲ್‌ಗೂ ಮೂರು ನಿಮಿಷ ಬೇಡ. ಅಲ್ಲಿ ದಣಿಯುವುದು ಒಂದು ಸಣ್ಣ ಸ್ನಾಯು, ಸ್ಕ್ವಾಟ್‌ನಲ್ಲಿ ಆಗುವ ಹಾಗೆ ಏದುಸಿರು ಬರುವುದಿಲ್ಲ. ಒಂದೂವರೆ ನಿಮಿಷ ಸಾಕು. ಇನ್ನು ಸುಸ್ತನ್ನು ತಾಳಿಕೊಳ್ಳುವುದೇ ಗುರಿಯಾದರೆ ಹಗುರ ತೂಕ, ಅರ್ಧ ನಿಮಿಷದ ವಿರಾಮ, ಅಲ್ಲಿ ರೆಪ್ಸ್ ಇಳಿದರೂ ಪರವಾಗಿಲ್ಲ.

ದಿನ ದಿನಕ್ಕೂ ಇದು ಬದಲಾಗುತ್ತದೆ. ನಿದ್ದೆಗೆಟ್ಟು ಬಂದ ದಿನ ಮೂರು ನಿಮಿಷ ಆದರೂ ಒಂದು ವಾಕ್ಯ ಪೂರ್ತಿ ಹೇಳುವಷ್ಟು ಉಸಿರು ಸಿಗದಿದ್ದರೆ ಇನ್ನೊಂದು ನಿಮಿಷ ಕೂರಿ. ಉಸಿರು ಸರಿಯಾಗಿದ್ದೂ ಮೊದಲ ರೆಪ್‌ನಲ್ಲೇ ಬಾರ್ ನಿಧಾನಕ್ಕೆ ಮೇಲೇಳುತ್ತಿದ್ದರೆ? ಆಗ ಕೂತರೂ ಪ್ರಯೋಜನವಿಲ್ಲ, 5 ಕೆಜಿ ಇಳಿಸಬೇಕು.

ಕಾಯುವವರ ಚಿಂತೆಗೆ ನಾವು ಕಂಡುಕೊಂಡ ದಾರಿ ಸುಲಭ: ಮೂವರು ಒಂದೇ ರ್ಯಾಕ್‌ನಲ್ಲಿ ಸರದಿ ಮೇಲೆ ಮಾಡುತ್ತೇವೆ. ಇಬ್ಬರು ಸೆಟ್ ಮುಗಿಸಿ, ಪ್ಲೇಟ್ ಬದಲಿಸಿ ನನ್ನ ಸರದಿ ಬರುವಷ್ಟರಲ್ಲಿ ಮೂರು ನಿಮಿಷ ತಾನಾಗೇ ಆಗಿರುತ್ತದೆ.